ಐಎನ್‌ಆರ್ ಸರಿಯಾಗೇ ಇತ್ತು, ರಕ್ತ ಮಾತ್ರ ನಿಲ್ಲುತ್ತಿರಲಿಲ್ಲ

ನಮ್ಮಮ್ಮನ ಎದೆಯಲ್ಲಿ ಲೋಹದ ಕವಾಟ ಇದೆ. ಚಿಕ್ಕವಯಸ್ಸಲ್ಲಿ ಬಂದ ರುಮ್ಯಾಟಿಕ್ ಜ್ವರ ಮೈಟ್ರಲ್ ಕವಾಟವನ್ನು ಹಾಳು ಮಾಡಿತ್ತು. ಅದನ್ನು ತೆಗೆದು ಬೆಂಗಳೂರಲ್ಲಿ ಬೇರೆ ಹಾಕಿಸಿ ವರ್ಷಗಳೇ ಆದವು. ಲೋಹದ ಮೇಲೆ ರಕ್ತ ಹೆಪ್ಪುಗಟ್ಟಬಾರದು ಅಂತ ದಿನಾ ಸಂಜೆ ಅಸಿನೋಕೌಮರಾಲ್, ಮಧ್ಯಾಹ್ನ ಊಟ ಆದಮೇಲೆ 75 ಮಿಲಿಗ್ರಾಂ ಆಸ್ಪಿರಿನ್. ಅಸಿನೋಕೌಮರಾಲ್ ಅಂದರೆ ವಾರ್ಫರಿನ್ ಜಾತಿಯದೇ ಮಾತ್ರೆ. ಈಗ ಬಂದಿರುವ, ಟೆಸ್ಟ್ ಬೇಡದ ಹೊಸ ಮಾತ್ರೆಗಳನ್ನು ಲೋಹದ ಕವಾಟದವರಿಗೆ ಕೊಡುವುದಿಲ್ಲ. ಹಾಗಾಗಿ ಐಎನ್‌ಆರ್ ಟೆಸ್ಟ್ ಅನ್ನೋದು ನಮ್ಮನೇಲಿ ಕರೆಂಟ್ ಬಿಲ್ ಥರ ತಿಂಗಳು ತಿಂಗಳು ಬರುವ ಖರ್ಚು.

ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಮಾಡುತ್ತೆ ಅನ್ನೋ ಲೆಕ್ಕ. ಮಾತ್ರೆ ತಿನ್ನದವರಿಗೆ ಸುಮಾರು 1 ಇರುತ್ತೆ. ಅಮ್ಮನಿಗೆ 2.5ರಿಂದ 3.5ರ ಒಳಗೆ ಇರಬೇಕು. ಕಮ್ಮಿಯಾದರೆ ಕವಾಟದಲ್ಲಿ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಈ ಸಂಖ್ಯೆ ನೋಡಿಕೊಂಡೇ ನಾವು ಇಷ್ಟು ವರ್ಷ ನೆಮ್ಮದಿಯಾಗಿದ್ದದ್ದು.

ಕಳೆದ ಮಳೆಗಾಲದಲ್ಲಿ ಅಮ್ಮನ ದವಡೆ ಹಲ್ಲೊಂದು ಮುರಿದು, ಬೇರು ಕೀವಾಯಿತು. ಹಾಸನದಲ್ಲಿ ನಮಗೆ ಗೊತ್ತಿರುವ ದಂತ ವೈದ್ಯರ ಹತ್ತಿರ ಕರೆದುಕೊಂಡು ಹೋದೆ. ರಕ್ತ ತೆಳುವಾಗುವ ಮಾತ್ರೆ ಅಂದ ಕೂಡಲೇ, ಹಲ್ಲು ಕೀಳುವ ಮುಂಚೆ ಹೊಸದಾಗಿ ಐಎನ್‌ಆರ್ ಮಾಡಿಸಿ ತನ್ನಿ ಅಂದರು. ಮಾಡಿಸಿದೆವು, 2.9 ಬಂತು. ಚಿನ್ನದಂಥ ಸಂಖ್ಯೆ. ಮಾತ್ರೆ ನಿಲ್ಲಿಸೋದೇನೂ ಬೇಡ, 4ರ ಒಳಗಿದ್ದರೆ ಸಾಕು, ಹಲ್ಲು ತೆಗೆದ ಜಾಗಕ್ಕೆ ಹೊಲಿಗೆ ಹಾಕಿ ರಕ್ತ ನಿಲ್ಲಿಸಬಹುದು ಅಂತ ಅವರೇ ಹೇಳಿದ್ದರು.

ಆದರೆ ಕುರ್ಚಿಯಲ್ಲಿ ಕೂರಿಸಿ ವಸಡನ್ನು ಸಣ್ಣ ಕಡ್ಡಿಯಿಂದ ಮುಟ್ಟಿ ನೋಡಿದರು. ಬರೀ ಮುಟ್ಟಿದ್ದು ಅಷ್ಟೆ. ರಕ್ತ ಒಸರೋಕೆ ಶುರುವಾಯಿತು, ಹತ್ತಿ ಒತ್ತಿ ಹಿಡಿದರೂ ನಿಲ್ಲಲಿಲ್ಲ. ಹತ್ತಿ ಬದಲಾಯಿಸಿದರು, ಮತ್ತೆ ಬದಲಾಯಿಸಿದರು. ಅಮ್ಮನ ಸೆರಗು ಸರಿದಾಗ ತೋಳಿನ ಮೇಲೆ ನೇರಳೆ ಹಣ್ಣು ಅರೆದಂಥ ಕಲೆ ಕಾಣಿಸಿತು. ಯಾವಾಗ ಪೆಟ್ಟಾಯ್ತು ಅಂತ ಕೇಳಿದರೆ ಅಮ್ಮನಿಗೆ ಗೊತ್ತೇ ಇಲ್ಲ. ಬಸ್ಸಲ್ಲಿ ಯಾರದ್ದೋ ಮೊಣಕೈ ತಾಗಿರಬೇಕು ಅಂದರು. ಹಲ್ಲುಜ್ಜುವಾಗ ರಕ್ತ ಬರ್ತಿದೆ ಅನ್ನೋದನ್ನೂ ಆಗಲೇ ಹೇಳಿದ್ದು. ಕೀವಾದ ಹಲ್ಲಲ್ವಾ, ಅದಕ್ಕೇ ಇರಬೇಕು ಅಂದುಕೊಂಡಿದ್ದರಂತೆ.

ದಂತ ವೈದ್ಯರು ಕೈಗವಸು ತೆಗೆದರು. "ಐಎನ್‌ಆರ್ ಸರಿ ಇದೆ ಮೇಡಂ, ಆದ್ರೆ ಈ ರಕ್ತ 2.9ರ ರಕ್ತದ ಹಾಗೆ ಕಾಣ್ತಿಲ್ಲ. ಇವತ್ತು ಬೇಡ. ಹಾರ್ಟ್ ಡಾಕ್ಟ್ರಿಗೆ ತೋರಿಸಿ ಬನ್ನಿ," ಅಂದರು. ಕೀವಿಗೆ ಆಂಟಿಬಯಾಟಿಕ್ ಬರೆದುಕೊಟ್ಟರು. ಬರೆಯುವ ಮುಂಚೆ ಒಂದು ಮಾತ್ರೆಯ ಹೆಸರು ಹೊಡೆದು ಹಾಕಿದ್ದು ಕಂಡಿತು. ಹಲ್ಲಿಗೆ ಎಲ್ಲರಿಗೂ ಬರೆಯುವ ಮೆಟ್ರೋನಿಡಜೋಲ್ ಅದು. ಅಸಿನೋಕೌಮರಾಲ್ ಜೊತೆ ಸೇರಿದರೆ ಐಎನ್‌ಆರ್ ಎಲ್ಲಿಗೋ ಏರಿಬಿಡುತ್ತೆ ಅಂತ ಅವರು ಹೇಳಿದರು. ಎಲ್ಲರೂ ಇಷ್ಟು ಎಚ್ಚರ ಇರೋದಿಲ್ಲ. ಹಿಂದೊಮ್ಮೆ ಬೇರೆ ಕಡೆ ಚೀಟಿ ಬರೆದವರು ಅಮ್ಮನ ಫೈಲ್ ತೆರೆದೇ ನೋಡಿರಲಿಲ್ಲ.

ಹೃದಯದ ಡಾಕ್ಟರ್ ಮೊದಲು ಪ್ಲೇಟ್‌ಲೆಟ್ ಲೆಕ್ಕ ಮಾಡಿಸಿದರು. ಡೆಂಗ್ಯೂ ಬಂದಾಗ ಇಳಿಯುತ್ತಲ್ಲ, ಅದೇ. ಅಮ್ಮನದ್ದು 2.1 ಲಕ್ಷ ಇತ್ತು. ಒಂದೂವರೆಯಿಂದ ನಾಲ್ಕು ಲಕ್ಷದವರೆಗೆ ಸರಿ ಅಂತ ಲೆಕ್ಕ. ಅಂದರೆ ಐಎನ್‌ಆರ್ ಸರಿ, ಪ್ಲೇಟ್‌ಲೆಟ್ ಸರಿ, ರಕ್ತ ಮಾತ್ರ ನಿಲ್ಲುತ್ತಿಲ್ಲ. ಆಸ್ಪಿರಿನ್‌ನಿಂದ ಹೀಗಾಗುತ್ತಾ ಅಂತ ಕೇಳಿದೆ. "ಆಸ್ಪಿರಿನ್ ಇವತ್ತು ಶುರು ಮಾಡಿದ್ದಲ್ವಲ್ಲ. ವರ್ಷಗಟ್ಟಲೆ ತಗೊಂಡಿದ್ದಾರೆ, ಇಂಥ ಕಲೆ ಬಂದಿರಲಿಲ್ಲ. ಈಚೆಗೆ ಏನು ಹೊಸದು ಸೇರಿತು ಹೇಳಿ," ಅಂದರು.

ಅಮ್ಮ ಏನೂ ಇಲ್ಲ ಅಂದರು. ಸುಳ್ಳು ಹೇಳಿದ್ದಲ್ಲ. ಡಾಕ್ಟರ್ ಚೀಟಿಯಲ್ಲಿ ಇರುವುದು ಮಾತ್ರ ಅವರ ಪ್ರಕಾರ ಮಾತ್ರೆ. ಆಗ ಡಾಕ್ಟರ್ ಕೇಳುವ ರೀತಿ ಬದಲಾಯಿಸಿದರು. ನನಗೆ ತುಂಬಾ ಹಿಡಿಸಿದ್ದು ಅದು.

"ಅಮ್ಮಾ, ಮಂಡಿ ನೋವಿಗೆ ಏನು ತಗೋತೀರಾ?"

"ಅದಾ, ಶುಂಠಿದು. ಪಕ್ಕದ ಬೀದಿ ಹೆಂಗಸು ತಂದ್ಕೊಟ್ಟಿದ್ದು."

"ಕೊಲೆಸ್ಟ್ರಾಲಿಗೆ?"

"ಬೆಳ್ಳುಳ್ಳಿ ಎಣ್ಣೇದು. ಮಗ ಆನ್‌ಲೈನಲ್ಲಿ ತರಿಸ್ತಾನೆ."

"ಮರೆವು ಅಂತ ಏನಾದ್ರೂ?"

ಅಮ್ಮ ನನ್ನ ಮುಖ ನೋಡಿದರು. "ಅಕ್ಕನ ಮಗ ಬೆಂಗಳೂರಿಂದ ಒಂದು ಡಬ್ಬಿ ತಂದಿದ್ದ. ಎಲೇದಂತೆ, ತೊಂದ್ರೆ ಇಲ್ಲ ಅಂದ."

ನನಗೂ ಈ ಮೂರನೆಯದು ಗೊತ್ತಿರಲಿಲ್ಲ. ಎಲ್ಲಾ ಡಬ್ಬಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ ಅಂದರು ಡಾಕ್ಟರ್. ಹೆಸರು ಕೇಳಿದರೆ ಸಾಲದು, ಲೇಬಲ್ ನೋಡಬೇಕು ಅಂದರು.

ಮನೆಗೆ ಬಂದು ಊಟದ ಮೇಜಿನ ಮೇಲೆ ಮೂರೂ ಡಬ್ಬಿ ಸಾಲಾಗಿ ಇಟ್ಟು ಕನ್ನಡಕ ಹಾಕಿಕೊಂಡು ಓದಿದೆ. ಮರೆವಿನ ಮಾತ್ರೆ ಗಿಂಕೋ ಮರದ ಎಲೆಯ ಸಾರ. ಚೀನಾ, ಜಪಾನ್ ಕಡೆಯ ಮರ ಅದು, ನಮ್ಮ ಕಡೆ ಯಾರೂ ಕಂಡಿರಲಿಕ್ಕಿಲ್ಲ. ಒಂದು ಮಾತ್ರೆಯಲ್ಲಿ 120 ಮಿಲಿಗ್ರಾಂ, ಅದರಲ್ಲಿ 24 ಪರ್ಸೆಂಟ್ ಫ್ಲೇವೋನ್ ಗ್ಲೈಕೋಸೈಡ್, 6 ಪರ್ಸೆಂಟ್ ಟರ್ಪೀನ್ ಲ್ಯಾಕ್ಟೋನ್. ಬೆಳ್ಳುಳ್ಳಿ ಜೇನಿನ ಬಣ್ಣದ ಮೆತ್ತನೆ ಕ್ಯಾಪ್ಸೂಲ್. ಎಷ್ಟು ಬೆಳ್ಳುಳ್ಳಿಗೆ ಸಮ ಅಂತ ದೊಡ್ಡದಾಗಿ ಬರೆದಿದ್ದರು, ಒಳಗೆ ಯಾವ ಅಂಶ ಎಷ್ಟಿದೆ ಅಂತ ಇರಲಿಲ್ಲ. ಮೂರೂ ಡಬ್ಬಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ, ಔಷಧಿಯಾಗಿ ಬಳಸಲು ಅಲ್ಲ ಅಂತ ಇಂಗ್ಲಿಷಿನಲ್ಲಿ ಇತ್ತು. ಮಾರುವಾಗ ಮಂಡಿಗೆ, ಮರೆವಿಗೆ, ಕೊಲೆಸ್ಟ್ರಾಲಿಗೆ ಅಂತ ಹೇಳಿ ಮಾರುತ್ತಾರೆ, ಅದು ಬೇರೆ ಮಾತು.

ಶುಂಠಿಯ ಲೇಬಲ್ಲಿನ ಹತ್ತಿರ ನಾನೂ ಅಮ್ಮನೂ ಸ್ವಲ್ಪ ಹೊತ್ತು ನಿಂತೆವು. ಯಾಕಂದರೆ ಶುಂಠಿ ನಮಗೆ ಗೊತ್ತಿರುವ ವಸ್ತು. ಅಮ್ಮನ ತವರು ಆಲೂರು ಕಡೆ. ಮಾವಂದಿರು ಭತ್ತದ ಗದ್ದೆಗೆ ಶುಂಠಿ ಹಾಕಿ ಲಾಭ ಕಂಡವರು, ಕೊಳೆ ರೋಗ ಬಂದು ಕೈ ಸುಟ್ಟುಕೊಂಡವರು. ಕ್ಯಾಪ್ಸೂಲ್ ಒಂದಕ್ಕೆ 500 ಮಿಲಿಗ್ರಾಂ ಸಾರ, 10:1 ಅಂತ ಬರೆದಿತ್ತು. ಹತ್ತು ಭಾಗ ಒಣ ಶುಂಠಿಯಿಂದ ಒಂದು ಭಾಗ ಸಾರ ಅಂತ ಅರ್ಥ. ಅಂದರೆ ಅರ್ಧ ಗ್ರಾಂ ಕ್ಯಾಪ್ಸೂಲಿನ ಹಿಂದೆ 5 ಗ್ರಾಂ ಒಣ ಶುಂಠಿ ಇದೆ.

ಮುಂದಿನ ಲೆಕ್ಕ ಅಮ್ಮನದೇ. "ಐದು ಮೂಟೆ ಹಸಿ ಶುಂಠಿ ಒಣಗಿಸಿದ್ರೆ ಒಂದು ಮೂಟೆ ಬರುತ್ತೆ," ಅಂದರು. ಶುಂಠಿ ಮೂಟೆ ಅಂದರೆ 60 ಕೆ.ಜಿ. ಹಾಗಾದರೆ 5 ಗ್ರಾಂ ಒಣ ಶುಂಠಿ ಅಂದರೆ 25 ಗ್ರಾಂ ಹಸಿ ಶುಂಠಿ. ಬೆಳಿಗ್ಗೆ ಒಂದು, ರಾತ್ರಿ ಒಂದು ಕ್ಯಾಪ್ಸೂಲ್ ನುಂಗುತ್ತಿದ್ದರು, ಅಲ್ಲಿಗೆ 50 ಗ್ರಾಂ. ಅಡುಗೆಮನೆಯಿಂದ ಶುಂಠಿ ತಂದು ತೂಗಿದೆ. ಹೆಬ್ಬೆರಳಿನಷ್ಟು ದಪ್ಪದ ಒಂದು ದೊಡ್ಡ ತುಂಡೇ ಬೇಕಾಯಿತು. ನಾವು ದಿನಾ ಚಹಾಕ್ಕೆ ಜಜ್ಜಿ ಹಾಕೋದು ಅದರ ಒಂದು ಮೂಲೆ. ಇಡೀ ಮನೆಯವರ ಸಾರು, ಚಟ್ನಿ, ಕಷಾಯ ಎಲ್ಲಾ ಸೇರಿದರೂ ಒಬ್ಬರ ಹೊಟ್ಟೆಗೆ ಅಷ್ಟು ಹೋಗೋದಿಲ್ಲ. ಸಾರ ತೆಗೆಯುವಾಗ ಶುಂಠಿಯಲ್ಲಿರೋದೆಲ್ಲಾ ಬರೋದಿಲ್ಲ, ಲೇಬಲ್ಲಲ್ಲಿ ಬರೆದಷ್ಟು ಒಳಗಿರುತ್ತೆ ಅನ್ನೋ ಗ್ಯಾರಂಟಿಯೂ ಇಲ್ಲ, ನಿಜ. ಆದರೂ ಇದನ್ನು ಸುಮ್ನೆ ಶುಂಠಿ ಅಂತ ಕರೆಯೋಕೆ ಅಮ್ಮನಿಗೇ ಮನಸ್ಸು ಬರಲಿಲ್ಲ.

ಚೀಲ ತೆಗೆದುಕೊಂಡು ಮತ್ತೆ ಹೋದಾಗ ನನ್ನ ಪ್ರಶ್ನೆ ಒಂದೇ. ಇವು ರಕ್ತ ತೆಳು ಮಾಡಿದರೆ ಐಎನ್‌ಆರ್ ಏರಬೇಕಿತ್ತಲ್ವಾ, 2.9 ಯಾಕೆ ಬಂತು?

ಡಾಕ್ಟರ್ ಹೇಳಿದ್ದನ್ನು ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ. ಗಾಯವಾದಾಗ ರಕ್ತ ನಿಲ್ಲೋಕೆ ಎರಡು ಕೆಲಸ ಆಗಬೇಕು. ಮೊದಲು ಪ್ಲೇಟ್‌ಲೆಟ್‌ಗಳು ಓಡಿಬಂದು ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುತ್ತವೆ. ಆಮೇಲೆ ಲಿವರ್ ತಯಾರಿಸುವ ಕೆಲವು ಪ್ರೋಟೀನುಗಳು ಒಂದರ ಹಿಂದೆ ಒಂದು ಎಚ್ಚೆತ್ತು ಅದರ ಮೇಲೆ ಗಟ್ಟಿ ಬಲೆ ಹೆಣೆಯುತ್ತವೆ. ಅವುಗಳಲ್ಲಿ ನಾಲ್ಕು ಪ್ರೋಟೀನು ಸರಿಯಾಗಿ ತಯಾರಾಗಲು ವಿಟಮಿನ್ ಕೆ ಬೇಕು. ಅಸಿನೋಕೌಮರಾಲ್ ಆ ವಿಟಮಿನ್ ಕೆ ಮತ್ತೆ ಮತ್ತೆ ಬಳಕೆಗೆ ಬರದ ಹಾಗೆ ಮಾಡುತ್ತೆ. ಐಎನ್‌ಆರ್ ಅಳೆಯೋದು ಈ ಎರಡನೇ ಕೆಲಸವನ್ನು ಮಾತ್ರ. ಆಸ್ಪಿರಿನ್ ಇರೋದು ಮೊದಲನೆಯದರ ಮೇಲೆ. ಬೆಳ್ಳುಳ್ಳಿ, ಶುಂಠಿ, ಗಿಂಕೋ ಮೂರೂ ಮುಖ್ಯವಾಗಿ ಆಸ್ಪಿರಿನ್ ಇರುವ ಕಡೆಯೇ ಹೋಗಿ ಸೇರುತ್ತವೆ.

"ಮತ್ತೆ ಪ್ಲೇಟ್‌ಲೆಟ್ 2.1 ಲಕ್ಷ ಇದೆಯಲ್ಲ ಡಾಕ್ಟ್ರೇ?" ಅಂದೆ.

"ಅದು ತಲೆ ಎಣಿಸಿದ್ದು ಮೇಡಂ. ಅವು ಅಂಟ್ಕೊಳ್ತವಾ ಇಲ್ವಾ ಅಂತ ಆ ಲೆಕ್ಕದಲ್ಲಿ ಗೊತ್ತಾಗಲ್ಲ." ಅಂಟಿಕೊಳ್ಳುವ ಶಕ್ತಿ ನೋಡುವ ಬೇರೆ ಟೆಸ್ಟ್ ದೊಡ್ಡ ಊರಿನ ಕೆಲವು ಲ್ಯಾಬುಗಳಲ್ಲಿ ಇದೆಯಂತೆ. ಆದರೆ ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ ಅದು ಹೇಗೂ ಕಮ್ಮಿಯೇ ತೋರಿಸುತ್ತೆ, ಇಲ್ಲಿ ಅದರಿಂದ ಹೊಸದೇನೂ ತಿಳಿಯಲ್ಲ ಅಂದರು.

ಇದು ನನಗೆ ಪೂರ್ತಿ ಅರ್ಥವಾದದ್ದು ಲ್ಯಾಬಿನಲ್ಲಿ. ನಾವು ಯಾವಾಗಲೂ ಹೋಗುವ ಲ್ಯಾಬಿನ ಹುಡುಗ ಪರಿಚಯದವನು. ಐಎನ್‌ಆರ್‌ಗೆ ತೆಗೆದ ನೀಲಿ ಮುಚ್ಚಳದ ಟ್ಯೂಬನ್ನು ಏನು ಮಾಡ್ತೀಯಪ್ಪಾ ಅಂತ ಕೇಳಿದ್ದಕ್ಕೆ ಒಳಗೆ ಕರೆದು ತೋರಿಸಿದ. ಟ್ಯೂಬನ್ನು ಗಿರಗಿರ ತಿರುಗಿಸುವ ಮೆಷಿನ್ನಿಗೆ ಇಟ್ಟ. ನಿಂತ ಮೇಲೆ ತೆಗೆದರೆ ಕೆಳಗೆ ಕೆಂಪು, ಮೇಲೆ ತಿಳಿ ಹಳದಿ ನೀರು, ಮಧ್ಯದಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ. "ಆಂಟಿ, ಮೇಲಿನ ಹಳದಿ ಮಾತ್ರ ತಗೋತೀವಿ. ಅದಕ್ಕೆ ಒಂದು ರಾಸಾಯನಿಕ ಹಾಕಿ ಎಷ್ಟು ಸೆಕೆಂಡಿಗೆ ಗಟ್ಟಿಯಾಗುತ್ತೆ ನೋಡೋದು," ಅಂದ. ಪ್ಲೇಟ್‌ಲೆಟ್ ಎಲ್ಲಿ ಅಂದರೆ ಕೆಳಕ್ಕೆ ಬೆರಳು ತೋರಿಸಿದ. ತಿರುಗಿಸಿದಾಗ ಅವೆಲ್ಲಾ ಕೆಳಗೆ ಹೋಗಿಬಿಡುತ್ತವೆ. ಬೆಳ್ಳುಳ್ಳಿಯೋ ಗಿಂಕೋನೋ ಏನು ಮಾಡಿದ್ದರೂ ಅದು ಟೆಸ್ಟಿಗೆ ಹೋಗದ ಭಾಗದಲ್ಲೇ ಉಳಿದಿರುತ್ತೆ. ಐಎನ್‌ಆರ್ ಸುಳ್ಳು ಹೇಳಿರಲಿಲ್ಲ. ಅದನ್ನು ಆ ಪ್ರಶ್ನೆ ಯಾರೂ ಕೇಳಿರಲೇ ಇಲ್ಲ.

ಆಮೇಲೆ ನಾನೇ ಕೂತು ಓದಿದೆ. ಈ ಮೂರರ ಬಗ್ಗೆ ಇರುವ ಪುರಾವೆ ಒಂದೇ ಥರ ಇಲ್ಲ, ಅದನ್ನೂ ಹೇಳಬೇಕು. 1990ರಲ್ಲಿ ಅಮೆರಿಕದ ವೈದ್ಯರು 87 ವರ್ಷದ ಒಬ್ಬರ ಬಗ್ಗೆ ಬರೆದಿದ್ದಾರೆ. ಪೆಟ್ಟೇನೂ ಬೀಳದೆ ಬೆನ್ನುಹುರಿಯ ಸುತ್ತ ರಕ್ತ ಸೇರಿಕೊಂಡಿತ್ತು. ದಿನಾ ಜಾಸ್ತಿ ಬೆಳ್ಳುಳ್ಳಿ ತಿನ್ನುವ ಅಭ್ಯಾಸ ಬಿಟ್ಟರೆ ಬೇರೆ ಕಾರಣ ಸಿಗಲಿಲ್ಲ. 1997ರಲ್ಲಿ ಇನ್ನೊಂದು. ಬೈಪಾಸ್ ಆದ 70 ವರ್ಷದವರು, ಮೂರು ವರ್ಷದಿಂದ ಆಸ್ಪಿರಿನ್ ತಗೊಳ್ಳುತ್ತಿದ್ದರು, ತೊಂದರೆ ಇರಲಿಲ್ಲ. 40 ಮಿಲಿಗ್ರಾಂ ಗಿಂಕೋ ದಿನಕ್ಕೆ ಎರಡು ಸಲ ಶುರು ಮಾಡಿದ ಒಂದು ವಾರಕ್ಕೆ ಕಣ್ಣಿನೊಳಗೆ ರಕ್ತ ಬಂತು. ಗಿಂಕೋ ಬಿಟ್ಟು ಆಸ್ಪಿರಿನ್ ಮುಂದುವರಿಸಿದರು, ಮತ್ತೆ ಬರಲಿಲ್ಲ. ಅಮ್ಮನದು ಹೆಚ್ಚುಕಮ್ಮಿ ಇದೇ ಜೋಡಿ, ಜೊತೆಗೆ ಅಸಿನೋಕೌಮರಾಲ್ ಬೇರೆ. ಶುಂಠಿದು ಸ್ವಲ್ಪ ಭಿನ್ನ. 2004ರಲ್ಲಿ ಬಂದ ವರದಿಯಲ್ಲಿ ಅಸಿನೋಕೌಮರಾಲಿನದೇ ಬಳಗದ ಮಾತ್ರೆ ತಿನ್ನುತ್ತಿದ್ದ 76 ವರ್ಷದ ಹೆಂಗಸು ಒಣ ಶುಂಠಿ, ಶುಂಠಿ ಪುಡಿಯ ಚಹಾ ಶುರು ಮಾಡಿದ ಮೇಲೆ ಮೂಗಿನಿಂದ ರಕ್ತ ಸುರಿದು, ಐಎನ್‌ಆರ್ 10 ದಾಟಿತ್ತು.

ಇನ್ನೊಂದು ಕಡೆ 2005ರಲ್ಲಿ ಆಸ್ಟ್ರೇಲಿಯಾದವರು 12 ಜನ ಆರೋಗ್ಯವಂತ ಗಂಡಸರಿಗೆ ಗಿಂಕೋ, ಶುಂಠಿ ಕೊಟ್ಟು ಮೇಲೆ ವಾರ್ಫರಿನ್ ಕೊಟ್ಟು ನೋಡಿದರು. ಐಎನ್‌ಆರ್ ಬದಲಾಗಲಿಲ್ಲ, ಪ್ಲೇಟ್‌ಲೆಟ್ ಅಂಟುವುದೂ ಬದಲಾಗಲಿಲ್ಲ. ಇದನ್ನು ಹಿಡಿದುಕೊಂಡು ನನ್ನ ತಮ್ಮ ಫೋನಿನಲ್ಲಿ ವಾದ ಮಾಡಿದ: "ಅಕ್ಕ, ಪರೀಕ್ಷೆ ಮಾಡಿದ್ದಾರಲ್ಲ, ಏನೂ ಆಗಲ್ಲ ಅಂತ." ಡಾಕ್ಟರ್ ಹತ್ತಿರ ಅದನ್ನೂ ಕೇಳಿದೆ. ಆ 12 ಜನ ಯಾರು ಅಂತ ನೋಡಿ ಅಂದರು. ಆರೋಗ್ಯವಾಗಿರೋ ಗಂಡಸರು, ವಾರ್ಫರಿನ್ ಒಂದೇ ಸಲ ಕೊಟ್ಟದ್ದು, ಆಸ್ಪಿರಿನ್ ಇಲ್ಲ, ಮೂರೂ ಒಟ್ಟಿಗೆ ಇಲ್ಲ. ಲೋಹದ ಕವಾಟ ಇರುವ, ವರ್ಷಗಳಿಂದ ಎರಡು ಮಾತ್ರೆ ತಿನ್ನುವ ಅಮ್ಮನಿಗೆ ಆ ಫಲಿತಾಂಶ ಎಷ್ಟು ಹೊಂದುತ್ತೆ? ಹಾಗಂತ ಬಿಡಿ ವರದಿಗಳಿಂದ ಎಲ್ಲರಿಗೂ ಹೀಗೇ ಆಗುತ್ತೆ ಅಂತಲೂ ಹೇಳೋಕಾಗಲ್ಲ. "ಸಾವಿರ ಜನರಲ್ಲಿ ಎಷ್ಟು ಜನಕ್ಕೆ ಅನ್ನೋ ಲೆಕ್ಕ ನನಗೆ ಬೇಕಾಗಿಲ್ಲ. ನನ್ನ ಮುಂದಿರೋ ಒಬ್ಬರಿಗೆ ವಸಡಲ್ಲಿ ರಕ್ತ ಬರ್ತಿದೆ, ಈ ಮೂರರಿಂದ ಲಾಭ ಏನೂ ಕಾಣ್ತಿಲ್ಲ. ಬಿಡಿಸ್ತೀನಿ," ಅಂದರು. ನನಗೆ ಅದು ಸರಿ ಅನ್ನಿಸಿತು.

ಬಿಡುವುದರಲ್ಲೂ ಒಂದು ಕ್ರಮ ಇದೆ ಅಂತ ನನಗೆ ಗೊತ್ತಿರಲಿಲ್ಲ. ಮೂರೂ ಅಂದೇ ನಿಲ್ಲಿಸಿದರು. ಅಸಿನೋಕೌಮರಾಲ್, ಆಸ್ಪಿರಿನ್ ಎರಡನ್ನೂ ಒಂದು ಹೊತ್ತೂ ತಪ್ಪಿಸಬಾರದು ಅಂತ ಎರಡೆರಡು ಸಲ ಹೇಳಿದರು. ರಕ್ತ ಬರ್ತಿದೆ ಅಂತ ಹೆದರಿ ಮನೆಯಲ್ಲೇ ಆ ಮಾತ್ರೆ ಬಿಟ್ಟು, ಕವಾಟ ಹೆಪ್ಪುಗಟ್ಟಿಸಿಕೊಂಡು ಬಂದವರನ್ನು ಅವರು ನೋಡಿದ್ದಾರಂತೆ. ಪ್ಲೇಟ್‌ಲೆಟ್‌ನ ಆಯಸ್ಸು ಏಳರಿಂದ ಹತ್ತು ದಿನ. ಬೆಳ್ಳುಳ್ಳಿ ಕೆಡಿಸಿದ ಪ್ಲೇಟ್‌ಲೆಟ್ ಮತ್ತೆ ಸರಿಹೋಗೋದಿಲ್ಲ, ಅದು ಹೋಗಿ ಹೊಸದು ಬರಬೇಕು. 2001ರಲ್ಲಿ ಅಮೆರಿಕದ ಅರಿವಳಿಕೆ ವೈದ್ಯರು ಕೊಟ್ಟ ಸಲಹೆಯಲ್ಲಿ ಆಪರೇಷನ್ನಿಗೆ ಮುಂಚೆ ಬೆಳ್ಳುಳ್ಳಿಯನ್ನು ಕಡೇಪಕ್ಷ 7 ದಿನ, ಗಿಂಕೋವನ್ನು 36 ಗಂಟೆ ಮೊದಲು ನಿಲ್ಲಿಸಿ ಅಂತ ಇದೆ. ಇವರು ಎರಡು ವಾರ ಕಾಯೋಣ ಅಂದರು, ಹಲ್ಲು ಓಡಿಹೋಗಲ್ಲ ಅಂತ ನಕ್ಕರು.

ಆದರೆ ಒಂದು ವಾರಕ್ಕೇ ಐಎನ್‌ಆರ್ ಮಾಡಿಸಿ ಅಂದರು. ಇದು ನನಗೆ ಅರ್ಥವಾಗಲಿಲ್ಲ. ಡಬ್ಬಿಗಳು ಐಎನ್‌ಆರ್ ಬದಲಾಯಿಸಿಲ್ಲ ಅಂತ ಅವರೇ ಹೇಳಿದ್ದರಲ್ಲ?

ಡಾಕ್ಟರ್ ಅಮ್ಮನ ಐಎನ್‌ಆರ್ ಪುಸ್ತಕದಲ್ಲಿ ಹಿಂದಿನ ಹಾಳೆ ತಿರುವಿ ಒಂದು ಕಡೆ ಬೆರಳಿಟ್ಟರು. ಡಬ್ಬಿಗಳು ಸೇರಿಕೊಂಡ ಕಾಲಕ್ಕೆ ಒಮ್ಮೆ 3.9 ಬಂದಿತ್ತು. ಆಗ ವಾರದಲ್ಲಿ ಎರಡು ದಿನ 3 ಮಿಲಿಗ್ರಾಂ, ಉಳಿದ ದಿನ 2 ಇದ್ದದ್ದನ್ನು ದಿನಾ 2ಕ್ಕೆ ಇಳಿಸಿದ್ದರು. ವಾರಕ್ಕೆ 16 ಇದ್ದದ್ದು 14 ಆಯಿತು. ಆಮೇಲೆ 2.9ಕ್ಕೆ ಬಂದು ನಿಂತಿತು. "ಇವು ಸ್ವಲ್ಪ ಏರಿಸಿದ್ದಿರಬಹುದು, ನಾವು ಮಾತ್ರೆ ಇಳಿಸಿ ಸರಿ ಮಾಡಿದ್ದಿರಬಹುದು. ಈಗ ಅವನ್ನ ತೆಗೆದ್ರೆ?" ಅಂದರು. ಆಗ ಹೊಳೆಯಿತು. 2.9 ಅನ್ನೋದು ಮೂರು ಡಬ್ಬಿ ಸೇರಿಸಿ ಬಂದ ಸಂಖ್ಯೆ ಆಗಿರಬಹುದು.

ಹಾಗೇ ಆಯಿತು. ವಾರದ ಮೇಲೆ ಮಾಡಿಸಿದರೆ 2.1. ಲೋಹದ ಕವಾಟದವರಿಗೆ ಇದು ಅಪಾಯದ ಕಡೆಯ ಸಂಖ್ಯೆ. ಮತ್ತೆ ಹಳೇ ಲೆಕ್ಕಕ್ಕೆ ವಾಪಸ್, ಎರಡು ದಿನ 3, ಉಳಿದ ದಿನ 2. ಉಸಿರು ಕಟ್ಟಿದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಆ ಕ್ಷಣವೇ ಹೊರಡಿ ಅಂತ ನಮಗೆ ಹೇಳಿದರು. ಈ ಏರಿಳಿತ ಯಾವ ಡಬ್ಬಿಯಿಂದ ಬಂತು, ಅಥವಾ ಆ ತಿಂಗಳು ಸೊಪ್ಪು ತಿಂದದ್ದು ಹೆಚ್ಚುಕಮ್ಮಿಯಾಗಿ ಬಂತಾ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂದರು. ಒಂದೊಂದನ್ನೇ ಮತ್ತೆ ಕೊಟ್ಟು ನೋಡಿದರೆ ಗೊತ್ತಾಗುತ್ತೆ, ಆದರೆ ಅಮ್ಮನ ಮೇಲೆ ಯಾರು ಹಾಗೆ ಪ್ರಯೋಗ ಮಾಡ್ತಾರೆ? ನಾನು ತಿಳಿದುಕೊಂಡದ್ದು ಇಷ್ಟು: ಇಂಥದ್ದನ್ನು ಶುರು ಮಾಡುವಾಗ ಹೇಳಬೇಕಾದ ಹಾಗೆ, ಬಿಡುವಾಗಲೂ ಹೇಳಬೇಕು. ಹೆದರಿ ಎಲ್ಲವನ್ನೂ ಕಸದ ಬುಟ್ಟಿಗೆ ಹಾಕಿ, ತಿಂಗಳ ಟೆಸ್ಟಿಗೆ ಕಾಯುತ್ತಾ ಕೂತಿದ್ದರೆ ಆ 2.1 ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ.

ಎರಡನೇ ವಾರ ಮುಗಿಯುವಷ್ಟರಲ್ಲಿ ತೋಳಿನ ಕಲೆ ನೇರಳೆಯಿಂದ ಹಸಿರು, ಹಸಿರಿನಿಂದ ಹಳದಿಗೆ ತಿರುಗಿತು, ಹೊಸದು ಬರಲಿಲ್ಲ. ಹಲ್ಲುಜ್ಜುವಾಗ ಬ್ರಷ್ಷಿಗೆ ಕೆಂಪು ಹತ್ತೋದು ಆ ಕೀವಿನ ಹಲ್ಲಿನ ಪಕ್ಕ ಮಾತ್ರ ಉಳಿಯಿತು. ಐಎನ್‌ಆರ್ 2.7.

ಹಲ್ಲು ತೆಗೆದದ್ದು ಬೆಳಿಗ್ಗೆ. ಸಂಜೆ ರಕ್ತ ಬಂದರೆ ಕ್ಲಿನಿಕ್ ತೆರೆದಿರುತ್ತೆ ಅಂತ ದಂತ ವೈದ್ಯರೇ ಬೆಳಗಿನ ಹೊತ್ತು ಕೊಟ್ಟರು, ವಾರದ ಮೊದಲಲ್ಲಿ. ಒಂದು ಗಂಟೆ ಮುಂಚೆ 2 ಗ್ರಾಂ ಅಮಾಕ್ಸಿಸಿಲಿನ್ ನುಂಗಿಸಿದೆವು, ಬಾಯಿಯ ಕ್ರಿಮಿ ರಕ್ತಕ್ಕೆ ಸೇರಿ ಕವಾಟದ ಮೇಲೆ ಕೂರಬಾರದು ಅಂತ. ಹಲ್ಲು ತೆಗೆದ ಗುಳಿಗೆ ಕರಗುವ ಸ್ಪಂಜಿನ ಚೂರು ತುಂಬಿ ಹೊಲಿಗೆ ಹಾಕಿದರು. ಗಾಜ್ ಬಟ್ಟೆಯನ್ನು ಅರ್ಧ ಗಂಟೆ ಕಚ್ಚಿ ಹಿಡಿದು ಅಲ್ಲೇ ಕೂರಿಸಿದರು. ಟ್ರಾನೆಕ್ಸಾಮಿಕ್ ಆಸಿಡ್ ಅನ್ನೋ ಔಷಧಿಯನ್ನು ಬಾಯಲ್ಲಿ ಹಿಡಿದು ಉಗುಳೋಕೆ ಕೊಟ್ಟರು, ಮುಕ್ಕಳಿಸಬೇಡಿ, ಸುಮ್ಮನೆ ಇಟ್ಟುಕೊಳ್ಳಿ ಅಂತ. ಮುಕ್ಕಳಿಸಿದರೆ ಆಗ ತಾನೇ ಕಟ್ಟಿದ ಹೆಪ್ಪು ಕಿತ್ತು ಬರುತ್ತೆ. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ, ಐಬುಪ್ರೊಫೆನ್ ಡೈಕ್ಲೋಫೆನಾಕ್ ಹತ್ತಿರ ಸುಳಿಯಬಾರದು. ಆ ದಿನ ಬಿಸಿ ಕಾಫಿ ಇಲ್ಲ ಅನ್ನೋದೇ ಅಮ್ಮನಿಗೆ ಎಲ್ಲಕ್ಕಿಂತ ದೊಡ್ಡ ಶಿಕ್ಷೆ. ಗಾಜ್ ತೆಗೆದಾಗ ಸ್ವಲ್ಪ ಗುಲಾಬಿ ಬಣ್ಣ ಇತ್ತು, ಅಷ್ಟೆ. ರಾತ್ರಿ ದಿಂಬಿನ ಮೇಲೆ ಹಳೇ ಟವೆಲ್ ಹಾಸಿದ್ದೆ, ಬೆಳಿಗ್ಗೆ ಅದು ಒಣಗಿಯೇ ಇತ್ತು.

ಇನ್ನು ಅಡುಗೆಮನೆಯ ಪ್ರಶ್ನೆ. ಒಗ್ಗರಣೆಗೆ ಬೆಳ್ಳುಳ್ಳಿ, ಚಹಾಕ್ಕೆ ಶುಂಠಿ, ಶೀತಕ್ಕೆ ಕಷಾಯ ಬಿಡಬೇಕಾ ಅಂತ ಅಮ್ಮ ಮುಖ ಸಣ್ಣದು ಮಾಡಿಕೊಂಡು ಕೇಳಿದರು. ಬೇಡ ಅಂದರು ಡಾಕ್ಟರ್. ಇಷ್ಟು ವರ್ಷ ಊಟದಲ್ಲಿ ಎಷ್ಟು ಇತ್ತೋ ಅಷ್ಟೇ ಇರಲಿ, ಅದರ ಮೇಲೇ ಮಾತ್ರೆಯ ಪ್ರಮಾಣ ಕೂತಿದೆ. ಬೆಳ್ಳುಳ್ಳಿಯನ್ನು ಇಡಿಯಾಗಿ ಬೇಯಿಸಿದರೆ ಅದರ ಈ ಗುಣ ಬಹಳಷ್ಟು ಹೋಗುತ್ತೆ, ಜಜ್ಜಿ ಹಸಿಯಾಗಿ ನುಂಗಿದರೆ ಉಳಿಯುತ್ತೆ. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ನಾಲ್ಕು ಹಸಿ ಎಸಳು ಅಂತ ಮೊಬೈಲಿನಲ್ಲಿ ಬರುವ ಸಲಹೆ ಅಮ್ಮನಿಗಲ್ಲ. ಕಷಾಯವೂ ಶೀತಕ್ಕೆ ಒಂದೆರಡು ದಿನ ಸರಿ, ತಿಂಗಳುಗಟ್ಟಲೆ ಲೋಟ ತುಂಬಾ ಬೇಡ.

ಗಿಂಕೋ ಡಬ್ಬಿಯನ್ನು ಅಕ್ಕನ ಮಗನಿಗೆ ವಾಪಸ್ ಕೊಟ್ಟೆ. ಬೇಜಾರು ಮಾಡಿಕೊಂಡ. ಅವನಿಗೆ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಬಗ್ಗೆ ಹೇಳಿದೆ. ಮೂರು ಸಾವಿರಕ್ಕೂ ಹೆಚ್ಚು ವಯಸ್ಸಾದವರಲ್ಲಿ ಅರ್ಧದಷ್ಟು ಜನಕ್ಕೆ ವರ್ಷಗಟ್ಟಲೆ ದಿನಕ್ಕೆರಡು ಸಲ 120 ಮಿಲಿಗ್ರಾಂ ಗಿಂಕೋ, ಉಳಿದವರಿಗೆ ಬರೀ ಖಾಲಿ ಮಾತ್ರೆ ಕೊಟ್ಟರು. ಮರೆವಿನ ಕಾಯಿಲೆ ಗಿಂಕೋ ತಿಂದವರಲ್ಲಿ ಕಮ್ಮಿಯಾಗಲಿಲ್ಲ. ಅದೇ ಅಧ್ಯಯನದಲ್ಲಿ ರಕ್ತಸ್ರಾವವೂ ಎದ್ದು ಕಾಣುವಷ್ಟು ಹೆಚ್ಚಾಗಲಿಲ್ಲ ಅನ್ನೋದನ್ನೂ ಮುಚ್ಚಿಡಲಿಲ್ಲ. ಆದರೆ ಲಾಭವೇ ಇಲ್ಲದ್ದಕ್ಕೆ ಅಮ್ಮನ ಕವಾಟವನ್ನು ಪಣಕ್ಕಿಡೋದು ಯಾಕೆ?

ಮಂಡಿ ನೋವು ಮಾತ್ರ ಹಾಗೇ ಇದೆ. ಶುಂಠಿ ಕ್ಯಾಪ್ಸೂಲಿನಿಂದ ಸ್ವಲ್ಪ ಹಗುರ ಆಗಿತ್ತು ಅಂತ ಅಮ್ಮ ಈಗಲೂ ಹೇಳುತ್ತಾರೆ, ಆಗಿದ್ದರೂ ಇರಬಹುದು. ಈಗ ಫಿಸಿಯೋಥೆರಪಿಯವರು ಹೇಳಿಕೊಟ್ಟ ಹಾಗೆ ಕುರ್ಚಿ ಮೇಲೆ ಕೂತು ಕಾಲು ಎತ್ತಿ ಇಳಿಸುತ್ತಾರೆ, ತೀರಾ ನೋವಿದ್ದ ದಿನ ಪ್ಯಾರಾಸಿಟಮಾಲ್. ಅದನ್ನೂ ದಿನಾ ಮೂರು ನಾಲ್ಕು ಮಾತ್ರೆಯಂತೆ ವಾರಗಟ್ಟಲೆ ತಿಂದರೆ ಐಎನ್‌ಆರ್ ಏರುತ್ತೆ ಅಂತ ಡಾಕ್ಟರ್ ಎಚ್ಚರಿಸಿದ್ದಾರೆ. ಹಾಗಾಗಿ ಐಎನ್‌ಆರ್ ಪುಸ್ತಕದ ಬಲಗಡೆ ಖಾಲಿ ಇದ್ದ ಜಾಗದಲ್ಲಿ ಈಗ ಪ್ಯಾರಾಸಿಟಮಾಲ್ ತಿಂದ ದಿನಕ್ಕೆ ಒಂದು ಚುಕ್ಕೆ ಇಡುತ್ತೇವೆ. ಈ ತಿಂಗಳ ಹಾಳೆಯಲ್ಲಿ ಚುಕ್ಕೆ ಸ್ವಲ್ಪ ಜಾಸ್ತಿಯೇ ಇವೆ, ಚಳಿ ಶುರುವಾಯಿತಲ್ಲ. ಸೋಮವಾರ ಟೆಸ್ಟಿಗೆ ಹೋಗುವಾಗ ಅದನ್ನು ತೋರಿಸಬೇಕು.